ಮಣ್ಣಿನ ಇಂಗಾಲ ಹೆಚ್ಚಿತೇ? ಅಗೆಯುವ ಮೊದಲೇ ಮಾಡಬೇಕಾದ ಲೆಕ್ಕ

ಮಣ್ಣಿನ ಇಂಗಾಲ ಹೆಚ್ಚಿದೆಯೇ ಎಂದು ತಿಳಿಯಲು ಹೊರಟವರಲ್ಲಿ ಹೆಚ್ಚಿನವರು ಈಗೊಮ್ಮೆ, ಐದು ವರ್ಷ ಬಿಟ್ಟು ಮತ್ತೊಮ್ಮೆ ಮಣ್ಣು ತೆಗೆದು ಎರಡು ಸರಾಸರಿಗಳನ್ನು ಹೋಲಿಸುತ್ತಾರೆ. ತಮ್ಮ ಮಾದರಿಗಳಿಗೆ ಕಾಣಬಲ್ಲ ಅತಿ ಸಣ್ಣ ವ್ಯತ್ಯಾಸ ಎಷ್ಟೆಂದು ಮಾತ್ರ ಲೆಕ್ಕ ಹಾಕಿರುವುದಿಲ್ಲ.

ಮೊದಲು ಹತ್ತು–ಹದಿನೈದು ಕಡೆ 30 ಸೆಂ.ಮೀ. ಆಳದ ಮಣ್ಣು ತೆಗೆದು, ಜಾಗದಿಂದ ಜಾಗಕ್ಕೆ ಇಂಗಾಲ ಎಷ್ಟು ಏರುಪೇರಾಗುತ್ತದೆ ಎಂಬುದನ್ನು ತಿಳಿಯಿರಿ. ಪ್ರತಿ ಜಾಗದಲ್ಲೂ ಒಂದು ಮೀಟರ್ ಅಂತರದಲ್ಲಿ ಎರಡು ಮಾದರಿ ತೆಗೆಯಿರಿ. ಇದು ಮುಂದೆ ಬೇಕಾಗುತ್ತದೆ.

ಬಳಿಕ ಈ ಸೂತ್ರ:

```
d = 2.8 × s ÷ √n
```

ಇಲ್ಲಿ d ಎಂದರೆ ಕಾಣಬಲ್ಲ ಅತಿ ಸಣ್ಣ ವ್ಯತ್ಯಾಸ, n ಎಂದರೆ ಮಾದರಿ ತೆಗೆಯುವ ಜಾಗಗಳ ಸಂಖ್ಯೆ, s ಎಂದರೆ ಎರಡು ಬಾರಿಯ ಅಳತೆಗಳ ವ್ಯತ್ಯಾಸದ ಮಾನಕ ವಿಚಲನೆ, ಅಂದರೆ ಆ ವ್ಯತ್ಯಾಸ ಎಷ್ಟು ಏರುಪೇರಾಗುತ್ತದೆ ಎಂಬುದರ ಅಳತೆ. ಇಲ್ಲದ ಬದಲಾವಣೆಯನ್ನು ಇದೆ ಎನ್ನುವ ಅಪಾಯ ಶೇ. 5, ಇರುವುದನ್ನು ಗುರುತಿಸುವ ಸಾಧ್ಯತೆ ಶೇ. 80 ಎಂದು ಒಪ್ಪಿಕೊಂಡರೆ 2.8 ಬರುತ್ತದೆ, ಜಾಗಗಳು ಕಡಿಮೆಯಿದ್ದರೆ ಅದು ಸ್ವಲ್ಪ ಹೆಚ್ಚುತ್ತದೆ.

ಹೆಕ್ಟೇರಿಗೆ ಸರಾಸರಿ 40 ಟನ್ ಇಂಗಾಲವಿದ್ದು, ಜಾಗಗಳ ನಡುವಿನ ಮಾನಕ ವಿಚಲನೆ 8 ಟನ್ ಇದೆ ಎಂದುಕೊಳ್ಳಿ. ಎರಡು ಬಾರಿಯೂ ಬೇರೆ ಬೇರೆ 16 ಜಾಗ ಆರಿಸಿದರೆ s ಎಂಬುದು 8ರ √2 ಪಟ್ಟು, ಅಂದರೆ 11.3 ಆಗಿ, ಸುಮಾರು 8 ಟನ್‌ಗಿಂತ ಕಡಿಮೆ ಬದಲಾವಣೆಯನ್ನು ನಂಬುವಂತಿಲ್ಲ. ವರ್ಷಕ್ಕೆ 0.4 ಟನ್ ಸೇರುತ್ತಿದ್ದರೂ ಇಪ್ಪತ್ತು ವರ್ಷ ಕಾಯಬೇಕು. ಐದನೇ ವರ್ಷದಲ್ಲಿ ಸಿಗುವ 2 ಟನ್ ಹೆಚ್ಚಳ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ಅದೇ ಜಾಗಗಳಿಗೇ ಮರಳಬೇಕು. ಆಗ ಪ್ರತಿ ಜಾಗವನ್ನೂ ಅದರೊಂದಿಗೇ ಹೋಲಿಸುವುದರಿಂದ, ಹೊಲದ ಸಹಜ ಏರುಪೇರಿನ ಬಹುಪಾಲು ಲೆಕ್ಕದಿಂದ ಕಳೆದುಹೋಗುತ್ತದೆ. ಒಂದು ಮೀಟರ್ ಅಂತರದ ಆ ಜೋಡಿಗಳ ನಡುವಿನ ವ್ಯತ್ಯಾಸದ ವಿಚಲನೆ 5.7 ಬಂದರೆ ಅದನ್ನೇ s ಎಂದು ಹಿಡಿಯಿರಿ. ಕಾಣಬಲ್ಲ ವ್ಯತ್ಯಾಸ 4 ಟನ್‌ಗೆ, ಕಾಯುವ ಅವಧಿ ಹತ್ತು ವರ್ಷಕ್ಕೆ ಇಳಿಯುತ್ತದೆ. ಇದು ಕನಿಷ್ಠ ಅಂದಾಜು. ಎಲ್ಲ ಜಾಗಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಕಾಯುವುದನ್ನು ಇನ್ನೂ ಅರ್ಧಕ್ಕೆ ಇಳಿಸಲು ಜಾಗಗಳನ್ನು ನಾಲ್ಕು ಪಟ್ಟು, ಅಂದರೆ 64 ಮಾಡಬೇಕು. ಮರಳಿ ಬರಲು ಮೊಬೈಲ್‌ನ ಜಿಪಿಎಸ್ ಒಂದನ್ನೇ ನಂಬಬೇಡಿ, ಅದು ಹಲವು ಮೀಟರ್ ತಪ್ಪಬಹುದು. ಉಳುಮೆಯ ಆಳಕ್ಕಿಂತ ಕೆಳಗೆ ಕಬ್ಬಿಣದ ತುಂಡು ಹೂತಿಟ್ಟರೆ ಲೋಹಶೋಧಕದಿಂದ ಹುಡುಕಬಹುದು. ಹಳೆಯ ಗುಂಡಿಯಲ್ಲೇ ಅಗೆಯದೆ, ಪ್ರತಿ ಸಲವೂ ಗುರುತಿನಿಂದ ಗೊತ್ತುಪಡಿಸಿದ ದಿಕ್ಕಿಗೆ ಒಂದು ಮೀಟರ್ ಸರಿಯಿರಿ.

ಆಳವೂ ಮೋಸ ಮಾಡುತ್ತದೆ. ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂ ಇದ್ದಾಗ 30 ಸೆಂ.ಮೀ.ನಲ್ಲಿ ಹೆಕ್ಟೇರಿಗೆ 3900 ಟನ್ ಮಣ್ಣಿರುತ್ತದೆ. ಮಣ್ಣು ಸಡಿಲಗೊಂಡು ಸಾಂದ್ರತೆ 1.2 ಆದರೆ ಅದೇ ಆಳದಲ್ಲಿ 3600 ಟನ್ ಮಾತ್ರ. ಶೇ. 1 ಇಂಗಾಲವಿರುವ ಮಣ್ಣಿನಲ್ಲಿ ಇದೊಂದೇ 3 ಟನ್ ಸುಳ್ಳು ನಷ್ಟ ತೋರಿಸುತ್ತದೆ. ಹಾಗಾಗಿ 40 ಸೆಂ.ಮೀ.ವರೆಗೆ ಪದರ ಪದರವಾಗಿ ತೆಗೆದು, ಸಮಾನ ತೂಕದ ಮಣ್ಣನ್ನೇ ಹೋಲಿಸಿ.

ನಿಮಿಷದಲ್ಲಿ ಇಂಗಾಲ ಹೇಳುವ ಕೈಸಾಧನಗಳನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ಒಣಗಿಸಿದ ಹಳೆಯ ಮಾದರಿಗಳಲ್ಲಿ ಒಂದು ಪಾಲನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊಸವುಗಳ ಜೊತೆ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಸರದಿಯಲ್ಲಿ ದಹನ ವಿಧಾನದಿಂದ ಮತ್ತೆ ಅಳೆಸಿ.