ಟೈಟನ್‌ಗೆ ನಿಜವಾದ ಎದುರಾಳಿ ಯಾರು? ಹೀಗೆ ಹುಡುಕಿ

ಟೈಟನ್ ಅಂದರೆ ನಮಗೆ ವಾಚು. ಹಾಗಾದರೆ ಅದರ ಪೈಪೋಟಿ ಕ್ಯಾಸಿಯೊ ಜೊತೆಗೆ, ಅಲ್ವಾ? ಅಲ್ಲ.

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ಕಂಪನಿಯ ವಾರ್ಷಿಕ ವರದಿಯನ್ನು ಇಳಿಸಿಕೊಂಡು 'ಸೆಗ್ಮೆಂಟ್' ಎಂಬ ಪದ ಹುಡುಕಿ. ಅಲ್ಲಿ ವಾಚು, ಒಡವೆ, ಕನ್ನಡಕದ ಲೆಕ್ಕ ಬೇರೆ ಬೇರೆ ಇರುತ್ತದೆ. ಟೈಟನ್ ವಹಿವಾಟಿನ ಐದರಲ್ಲಿ ನಾಲ್ಕು ಪಾಲಿಗೂ ಜಾಸ್ತಿ ಒಡವೆಯದ್ದೇ, ಅಂದರೆ ಮುಖ್ಯವಾಗಿ ತನಿಷ್ಕ್. ಹಾಗಾಗಿ ನಾವು ಹುಡುಕಬೇಕಾದದ್ದು ಚಿನ್ನದ ಅಂಗಡಿಗಳನ್ನು.

ಎರಡನೆಯದು, ಹೆಸರುಗಳ ಪಟ್ಟಿ. ಷೇರುಪೇಟೆಯ ವಿಂಗಡಣೆಯನ್ನು ಸುಮ್ನೆ ನಂಬಬೇಡಿ. ನಿಫ್ಟಿ ಕನ್ಸ್ಯೂಮರ್ ಡ್ಯೂರಬಲ್ಸ್ ಸೂಚ್ಯಂಕದಲ್ಲಿ ಟೈಟನ್ ಪಕ್ಕದಲ್ಲೇ ಎ.ಸಿ. ಮಾರುವ ವೋಲ್ಟಾಸ್ ಇದೆ! ಇದಕ್ಕಿಂತ ಒಳ್ಳೆಯ ಜಾಗ, ಅದೇ ವ್ಯಾಪಾರದ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರಲು, ಅಂದರೆ ಐಪಿಒಗೆ ಬಂದಾಗ ಷೇರುಪೇಟೆ ನಿಯಂತ್ರಕ ಸೆಬಿಗೆ ಕೊಟ್ಟ ದಾಖಲೆ. 2021ರಲ್ಲಿ ಕಲ್ಯಾಣ್ ಜ್ಯುವೆಲರ್ಸ್, 2023ರಲ್ಲಿ ಸೆಂಕೊ ಗೋಲ್ಡ್ ಪೇಟೆಗೆ ಬಂದವು. ಇಂಥ ದಾಖಲೆಯಲ್ಲಿ ಇಡೀ ಉದ್ಯಮದ ಬಗ್ಗೆ ಒಂದು ಅಧ್ಯಾಯವೇ ಇರುತ್ತದೆ. ಷೇರು ಬೆಲೆ ನಿಗದಿಯ ಭಾಗದಲ್ಲಿ ತಮ್ಮಂಥ ಕಂಪನಿಗಳು ಯಾವುವು ಅಂತ ಅವರೇ ಹೇಳಬೇಕು.

ಇನ್ನು ಪಟ್ಟಿ ಸೋಸಬೇಕು. ಜನ ಎಡವುವುದು ಇಲ್ಲೇ. ಬೆಂಗಳೂರಿನ ರಾಜೇಶ್ ಎಕ್ಸ್‌ಪೋರ್ಟ್ಸ್ ಕೂಡ ಚಿನ್ನದ ಕಂಪನಿಯೇ. 2023-24ರಲ್ಲಿ ಅದರ ವಹಿವಾಟು ಸುಮಾರು 2.8 ಲಕ್ಷ ಕೋಟಿ ರೂಪಾಯಿ, ಟೈಟನ್‌ದು ಸುಮಾರು 51 ಸಾವಿರ ಕೋಟಿ. ಹಾಗಂತ ಅದೇ ದೊಡ್ಡ ಎದುರಾಳಿ ಅಂದುಕೊಳ್ಳಬೇಡಿ. ನೂರು ರೂಪಾಯಿ ವಹಿವಾಟಿಗೆ ಉಳಿದ ಲಾಭ ಎಷ್ಟು ನೋಡಿ. ಟೈಟನ್‌ಗೆ ಏಳು ರೂಪಾಯಿ ಹತ್ತಿರ, ಕಲ್ಯಾಣ್‌ಗೆ ಮೂರು ರೂಪಾಯಿ ಚಿಲ್ಲರೆ, ರಾಜೇಶ್‌ಗೆ 12 ಪೈಸೆ! ಲಾಭ ಇಷ್ಟು ದೂರ ದೂರ ಇದ್ದರೆ ವ್ಯಾಪಾರವೇ ಬೇರೆ ಅಂತ ಅರ್ಥ. ರಾಜೇಶ್‌ದು ಮುಖ್ಯವಾಗಿ ಚಿನ್ನ ಶುದ್ಧೀಕರಿಸಿ ಸಗಟಾಗಿ ಮಾರುವ ಕೆಲಸ. ಸ್ವಿಟ್ಜರ್ಲೆಂಡಿನ ಚಿನ್ನ ಶುದ್ಧೀಕರಣ ಕಂಪನಿ ವಾಲ್‌ಕಾಂಬಿ ಅದರದ್ದೇ. ಮದುವೆಗೆ ಸರ ಕೊಳ್ಳುವವರು ತನಿಷ್ಕ್ ಬಿಟ್ಟು ಅಲ್ಲಿಗೆ ಹೋಗುವುದಿಲ್ಲ. ಕಲ್ಯಾಣ್‌ಗೆ ಹೋಗುತ್ತಾರೆ.

ಮಲಬಾರ್, ಜೋಯಾಲುಕ್ಕಾಸ್, ಭೀಮಾಕ್ಕೂ ಹೋಗುತ್ತಾರೆ. ಇವು ಷೇರುಪೇಟೆಯಲ್ಲಿಲ್ಲ, ಹಾಗಾಗಿ ಷೇರು ವೆಬ್‌ಸೈಟುಗಳು ಕೊಡುವ 'ಪಿಯರ್ಸ್', ಅಂದರೆ ಒಂದೇ ಬಗೆಯ ಕಂಪನಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಇಂಥ ಕಂಪನಿ ಬ್ಯಾಂಕ್ ಸಾಲ ಪಡೆದಿದ್ದರೆ ಸಾಲ ತೀರಿಸುವ ಶಕ್ತಿ ಅಳೆಯುವ ಕ್ರಿಸಿಲ್, ಇಕ್ರಾದಂಥ ಸಂಸ್ಥೆಗಳ ರೇಟಿಂಗ್ ಟಿಪ್ಪಣಿ ಸಿಗಬಹುದು. ಪುಕ್ಕಟೆ. ವಹಿವಾಟು, ಸಾಲ ಎಲ್ಲ ಅದರಲ್ಲಿ ಇರುತ್ತದೆ.

ಕೊನೆಗೆ, ಬೆಳವಣಿಗೆ ಹೋಲಿಸುವಾಗ ಒಂದು ಎಚ್ಚರ. ಚಿನ್ನದ ದರ ಏರಿದರೆ ಒಂದು ಗ್ರಾಂ ಜಾಸ್ತಿ ಮಾರದಿದ್ದರೂ ವಹಿವಾಟು ಏರುತ್ತದೆ. ಆದ್ದರಿಂದ ಎಲ್ಲರದ್ದೂ ಒಂದೇ ವರ್ಷದ ಲೆಕ್ಕ ತೆಗೆದುಕೊಳ್ಳಿ. ಗಟ್ಟಿ ಚಿನ್ನ ಮಾರುವುದು ಒಡವೆ ವ್ಯಾಪಾರವಲ್ಲ, ಹಾಗಾಗಿ ಟೈಟನ್‌ ಲೆಕ್ಕದಲ್ಲಿ ಅದನ್ನು ಬಿಟ್ಟ ಅಂಕಿಯನ್ನೇ ಹಿಡಿಯಿರಿ.