ಎಲ್ಲ ಶಾಟ್‌ನಲ್ಲೂ ಅದೇ ಬೊಂಬೆ ಅಜ್ಜಿ: ಎಐ ವಿಡಿಯೊದಲ್ಲಿ ಶೈಲಿ ಹಿಡಿದಿಟ್ಟುಕೊಂಡ ನನ್ನ ಅನುಭವ

ಮಕ್ಕಳಿಗಾಗಿ ಎರಡು ನಿಮಿಷದ ಕಥೆಯೊಂದನ್ನು ಎಐ ವಿಡಿಯೊದಲ್ಲಿ ಮಾಡಿದೆ. ಒಬ್ಬಳು ಅಜ್ಜಿ, ಅವಳ ಕೋಳಿ, ಒಂದು ಸಂತೆ. ಎಲ್ಲವೂ ಚನ್ನಪಟ್ಟಣದ ಬೊಂಬೆಗಳ ಹಾಗೆ: ಕಡೆದ ದುಂಡು ಮರ, ಮೇಲೆ ಅರಗಿನ ಬಣ್ಣದ ಪಟ್ಟಿ. ಚಿತ್ರಗಳಿಗೆ ಎಸ್‌ಡಿಎಕ್ಸ್‌ಎಲ್, ಚಲನೆಗೆ ವಾನ್ 2.1 ಎಂಬ ಎಐ ಮಾಡೆಲ್‌ಗಳನ್ನು ಬಳಸಿದೆ. ಎರಡನ್ನೂ ನಡೆಸಿದ್ದು ಕಂಫಿಯುಐ ಎಂಬ ತಂತ್ರಾಂಶದಲ್ಲಿ. ವಾನ್‌ನಲ್ಲಿ ನಾನು ತೆಗೆಯುತ್ತಿದ್ದುದು ಒಂದು ಸಲಕ್ಕೆ 81 ಫ್ರೇಮ್, ಅಂದರೆ ಸುಮಾರು 5 ಸೆಕೆಂಡ್. ಹಾಗಾಗಿ ಇಪ್ಪತ್ತಕ್ಕೂ ಜಾಸ್ತಿ ತುಣುಕುಗಳನ್ನು ಜೋಡಿಸಬೇಕು. ಒಂದರಲ್ಲಿ ಮರದ ಅಜ್ಜಿ, ಮುಂದಿನದರಲ್ಲಿ ಪ್ಲಾಸ್ಟಿಕ್ ಅಜ್ಜಿ ಬಂದರೆ ಮಕ್ಕಳ ಕಣ್ಣಿಗೆ ತಕ್ಷಣ ಬೀಳುತ್ತದೆ.

ಶೈಲಿ ತೀರ್ಮಾನವಾಗುವುದು ವಿಡಿಯೊದಲ್ಲಲ್ಲ, ಅದಕ್ಕೆ ಕೊಡುವ ಮೊದಲ ಚಿತ್ರದಲ್ಲಿ. ಆದ್ದರಿಂದ ಎಲ್ಲ ಶಾಟ್‌ಗಳ ಮೊದಲ ಚಿತ್ರ ಸಿದ್ಧವಾಗುವವರೆಗೆ ನಾನು ಒಂದೂ ವಿಡಿಯೊ ತೆಗೆಯಲಿಲ್ಲ.

ಮೊದಲು ಅಜ್ಜಿಯ ರೆಫರೆನ್ಸ್ ಚಿತ್ರಗಳು. ಮುಂದಿನಿಂದ, ಓರೆಯಾಗಿ, ಪಕ್ಕದಿಂದ, ಹಿಂದಿನಿಂದ. ಎಲ್ಲದರಲ್ಲೂ ಒಂದೇ ಬೆಳಕು, ಹಿನ್ನೆಲೆ ಬರೀ ಬೂದು. ಈ ಬೂದು ಮುಖ್ಯ. ಹಿಂದೆ ನೀಲಿ ಗೋಡೆ ಇದ್ದರೆ ಆ ನೀಲಿ ಸಂತೆಯೊಳಗೂ, ಅಂಗಳದೊಳಗೂ ನುಸುಳುತ್ತದೆ. ರೆಫರೆನ್ಸ್‌ನಲ್ಲಿ ಯಾವುದು ಪಾತ್ರ, ಯಾವುದು ಹಿನ್ನೆಲೆ ಎಂದು ಮಾಡೆಲ್ ಬೇರೆ ಮಾಡಿ ನೋಡುವುದಿಲ್ಲ.

ಇವನ್ನು ಐಪಿ-ಅಡಾಪ್ಟರ್ ಮೂಲಕ ಕೊಟ್ಟೆ; ಮಾಡೆಲ್‌ಗೆ ಪದಗಳ ಜೊತೆ ಚಿತ್ರವನ್ನೂ ಮಾದರಿಯಾಗಿ ತೋರಿಸುವ ಸಾಧನ ಅದು. ಅದರ ತೂಕ 1ಕ್ಕೆ ಇಟ್ಟರೆ ಅಜ್ಜಿ ರೆಫರೆನ್ಸ್‌ನಲ್ಲಿ ನಿಂತ ಹಾಗೇ ಎಲ್ಲ ಕಡೆ ನಿಲ್ಲುತ್ತಾಳೆ. ಬುಟ್ಟಿ ಎತ್ತು ಅಂದರೂ ಕೈ ಅಲ್ಲಾಡುವುದಿಲ್ಲ. 0.4ಕ್ಕೆ ಇಳಿಸಿದರೆ ಸೀರೆಯ ಪಟ್ಟಿಗಳು ಬದಲಾಗುತ್ತವೆ. ನನಗೆ ಹೊಂದಿದ್ದು 0.65ರ ಆಸುಪಾಸು.

ಇನ್ನು ಸೀಡ್. ಮಾಡೆಲ್ ಚಿತ್ರ ಶುರು ಮಾಡುವುದು ಗದ್ದಲದಿಂದ, ಅಂದರೆ ಅಡ್ಡಾದಿಡ್ಡಿ ಚುಕ್ಕೆಗಳಿಂದ. ಸೀಡ್ ಎಂದರೆ ಆ ಗದ್ದಲದ ನಂಬರ್, ಅಷ್ಟೇ. ಪಾತ್ರದ ಗುರುತು ಅದರಲ್ಲಿಲ್ಲ. ಎಲ್ಲ ದೃಶ್ಯಕ್ಕೂ ಒಂದೇ ಸೀಡ್ ಕೊಟ್ಟರೆ ಅಜ್ಜಿ ಹೆಚ್ಚಾಗಿ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಬರುತ್ತಾಳೆ. ಅಂಗಳ ಹೋಗಿ ಸಂತೆ ಬಂದರೂ ಜೋಡಣೆ ಮಾತ್ರ ಹಾಗೇ. ಅದಕ್ಕೇ ಒಂದು ಜಾಗಕ್ಕೆ ಒಂದು ಸೀಡ್ ಅಂತ ಇಟ್ಟುಕೊಂಡೆ. ಸೀಡ್‌ನ ನಿಜವಾದ ಉಪಯೋಗ ಬೇರೆ: ಉಳಿದದ್ದೆಲ್ಲ ಕದಲದಂತೆ ಇಟ್ಟು ಒಂದೇ ಒಂದು ಪದ ಬದಲಿಸಿದಾಗ, ಆಗಿರುವ ಬದಲಾವಣೆ ಆ ಪದದಿಂದಲೇ ಅಂತ ಗೊತ್ತಾಗುತ್ತದೆ. ಇದಕ್ಕೆ ಕಂಫಿಯುಐನಲ್ಲಿ ಚಿತ್ರ ತೆಗೆಯುವ KSamplerನಲ್ಲಿ `control_after_generate` ಅನ್ನುವುದು `fixed` ಆಗಿರಬೇಕು. ಚಿತ್ರದ ಅಳತೆಯನ್ನೂ ಮುಟ್ಟಬಾರದು. ಅಳತೆ ಬದಲಾದರೆ ಸೀಡ್ ಅದೇ ಇದ್ದರೂ ಗದ್ದಲ ಬೇರೆಯಾಗುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಮುಸ್ಸಂಜೆಯ ಸಂತೆ. ದೀಪದ ಬೆಳಕು ಬಿದ್ದ ಕೂಡಲೇ ಅರಗಿನ ಮೆರುಗು ಹೋಗಿ ಪ್ಲಾಸ್ಟಿಕ್ ಹೊಳಪು ಬಂತು. ಚಿತ್ರದಲ್ಲಿ ಏನು ಬೇಡ ಎಂದು ಹೇಳುವ ನೆಗೆಟಿವ್ ಪ್ರಾಂಪ್ಟ್‌ಗೆ `glossy` ಸೇರಿಸಿ ನೋಡಿದಾಗ ಎಲ್ಲ ಹೊಳಪೂ ಹೋಗಿ ಅಜ್ಜಿ ಮಣ್ಣಿನ ಬೊಂಬೆಯಂತಾದಳು. ನಮಗೆ ಬೇಡವಾದದ್ದು ಹೊಳಪಲ್ಲ, ವಸ್ತು. ಆಮೇಲೆ ಇಷ್ಟೇ ಉಳಿಸಿದೆ:

```
plastic, vinyl, human skin, hair strands, text
```

ಬೇಕಾದದ್ದನ್ನು ಮುಖ್ಯ ಪ್ರಾಂಪ್ಟ್‌ನಲ್ಲೇ ಹೇಳಿದೆ: ಕಡೆದ ಮರ, ತೆಳ್ಳಗಿನ ಗೆರೆಗಳು, ಅರಗಿನ ಲೇಪ. ಅದೇ ಸೀಡ್‌ನಲ್ಲಿ ತೆಗೆದಾಗ ಅಜ್ಜಿಯ ನೆತ್ತಿಯ ಮೇಲೆ ದೀಪದ ಬೆಳಕು ಚುಕ್ಕೆಯಾಗದೆ, ಮರದ ದುಂಡಿಗೆ ತಕ್ಕ ಹಾಗೆ ಉದ್ದವಾಗಿ ಹರಡಿತು. ಮರ ಅಂತ ಕಣ್ಣು ನಂಬುವುದು ಅಲ್ಲೇ.

ನೆಗೆಟಿವ್ ಪ್ರಾಂಪ್ಟ್‌ನಲ್ಲಿ `no plastic` ಎಂದು ಬರೆಯಬೇಡಿ, ಬೇಡದ್ದರ ಹೆಸರು ಸಾಕು. ಇನ್ನೊಂದು ವಿಷಯ: ಬೇಗ ಮುಗಿಯಲಿ ಅಂತ ಕಡಿಮೆ ಸ್ಟೆಪ್‌ನಲ್ಲೇ ಚಿತ್ರ ಮುಗಿಸುವ ಲೋರಾ ಎಂಬ ಪುಟ್ಟ ಸೇರ್ಪಡೆ ಫೈಲ್ ಹಾಕಿ, ಪ್ರಾಂಪ್ಟ್‌ಗೆ ಎಷ್ಟು ಒತ್ತು ಎಂದು ಹೇಳುವ ಸಿಎಫ್‌ಜಿಯನ್ನು 1ಕ್ಕೆ ಇಟ್ಟರೆ ನೆಗೆಟಿವ್ ಪ್ರಾಂಪ್ಟ್ ಸಾಮಾನ್ಯವಾಗಿ ಕೆಲಸವೇ ಮಾಡುವುದಿಲ್ಲ. ಪರೀಕ್ಷೆ ಸುಲಭ. ಅದರಲ್ಲಿ ಏನು ಬದಲಿಸಿದರೂ ಚಿತ್ರ ಒಂದಿಷ್ಟೂ ಬದಲಾಗದಿದ್ದರೆ ಕಾರಣ ಇದೇ.

ವಿಡಿಯೊ ಹಂತದಲ್ಲಿ ಅಜ್ಜಿಯ ರೂಪವನ್ನು ಮತ್ತೆ ವರ್ಣಿಸಲಿಲ್ಲ. ‘ನಿಧಾನಕ್ಕೆ ತಲೆ ತಿರುಗಿಸುತ್ತಾಳೆ, ಕ್ಯಾಮೆರಾ ನಿಂತಿದೆ’ ಅಷ್ಟೇ. ರೂಪ ಚಿತ್ರದಲ್ಲಿದೆ. ಪದಗಳಲ್ಲೂ ಹೇಳಹೊರಟರೆ ಎರಡಕ್ಕೂ ಜಗಳ ಹತ್ತುತ್ತದೆ. ಒಂದು ತುಣುಕಿನ ಕೊನೆಯ ಫ್ರೇಮ್‌ನಿಂದ ಮುಂದಿನದನ್ನು ಶುರು ಮಾಡುವ ದಾರಿಯನ್ನೂ ಬಿಟ್ಟೆ. ಪ್ರತಿ ಸಲವೂ ಬಣ್ಣ ಸ್ವಲ್ಪ ಗಾಢವಾಗಿ, ಕಣ್ಣಿನ ಗೆರೆ ಸ್ವಲ್ಪ ಕರಗಿ, ಮೂರ್ನಾಲ್ಕು ತುಣುಕಾಗುವಷ್ಟರಲ್ಲಿ ಬೊಂಬೆ ಬೇರೆಯಾಗಿರುತ್ತದೆ. ಪ್ರತಿ ಶಾಟ್‌ಗೂ ಹೊಸ ಚಿತ್ರವೇ ವಾಸಿ.

ಅಜ್ಜಿ ಪೂರ್ತಿ ಬೆನ್ನು ತಿರುಗಿಸುವ ಶಾಟ್ ಮಾತ್ರ ಹೀಗೂ ಬಗ್ಗಲಿಲ್ಲ. ಮೊದಲ ಚಿತ್ರದಲ್ಲಿ ಕಾಣದ ಬೆನ್ನನ್ನು ಮಾಡೆಲ್ ತಾನೇ ಊಹಿಸಿ, ತುರುಬಿನ ಜಾಗದಲ್ಲಿ ಜಡೆ ಹಾಕಿತು. ಅಲ್ಲಿ ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್ ಎರಡನ್ನೂ ಕೇಳುವ ವಾನ್ ಮಾಡೆಲ್ ಬಳಸಿದೆ. ಕೊನೆಯದಕ್ಕೆ ಹಿಂದಿನಿಂದ ತೆಗೆದ ರೆಫರೆನ್ಸ್‌ನಿಂದ ಮಾಡಿದ ಚಿತ್ರ ಕೊಟ್ಟ ಮೇಲೆ ತುರುಬು ತುರುಬಾಗಿಯೇ ಉಳಿಯಿತು.