1500 ರೂಪಾಯಿ ಒಳಗೆ ಕಾಲ್‌ಗೆ ಆಗೋ ಇಯರ್‌ಫೋನ್ ಆರಿಸಿದ್ದು, ನನ್ನ ಅನುಭವ

ನಂದು ಟೈಲ್ಸ್ ಮಾರೋ ಕೆಲಸ, ದಾವಣಗೆರೆ ಸುತ್ತ ಸೈಟ್ ತಿರುಗಿ ಅಲ್ಲಿಂದ್ಲೇ ಗೋಡೌನ್‌ಗೆ ಫೋನಲ್ಲಿ ಆರ್ಡರ್ ಹೇಳ್ಬೇಕು. ನೆಕ್‌ಬ್ಯಾಂಡ್ ತಗೋತೀನಿ ಅಂದಾಗ ಆಫೀಸಲ್ಲಿ ಎಲ್ರೂ "ಈಗ ಯಾರ್ ಹಾಕ್ಕೋತಾರೆ ಅದನ್ನ, ಬಡ್ಸ್ ತಗೋಳೋ" ಅಂದ್ರು. ಈಗ ಅವ್ರಲ್ಲೇ ಮೂರ್ನಾಲ್ಕು ಜನ ನನ್ನತ್ರ ಕೇಳ್ಕೊಂಡು ಅದನ್ನೇ ತಗೊಂಡಿದಾರೆ.

ಮೊದ್ಲು ಬಡ್ಸೇ ಇತ್ತು, 13 ಎಂಎಂ ಡ್ರೈವರ್ ಅಂದ್ರೆ ಒಳಗಿನ ಪುಟ್ಟ ಸ್ಪೀಕರ್, 50 ಗಂಟೆ ಬ್ಯಾಟರಿ, ಸುತ್ತಲ ಗಲಾಟೆ ತೆಗೆಯೋ ಇಎನ್‌ಸಿ ಅಂತ ಡಬ್ಬಿ ಮೇಲೆ. ಹಾಡಿಗೆ ಚೆನ್ನಾಗೇ ಇತ್ತು. ಆದ್ರೆ ಕಾಂಕ್ರೀಟ್ ಮಿಕ್ಸರ್ ಓಡೋ ಕಡೆ ಮಾತಾಡಿದ್ರೆ ಪದದ ಮೊದಲಕ್ಷರನೇ ಹೋಗ್ಬಿಡೋದು, ಯಾಕಂದ್ರೆ ಮೈಕ್ ಕಿವಿ ಹತ್ರ ಇರುತ್ತೆ, ಇಎನ್‌ಸಿ ಗಲಾಟೆ ಕತ್ತರಿಸೋವಾಗ ನಮ್ ದನಿನೂ ಸೇರಿಸಿ ಕತ್ತರಿಸುತ್ತೆ. ಫಿಫ್ಟಿ ಬಾಕ್ಸ್ ಅಂದಿದ್ದು ಅಲ್ಲಿ ಸಿಕ್ಸ್ಟಿ ಆಗಿ ಲೋಡ್ ಬಂತು, ಹತ್ತು ಬಾಕ್ಸ್ ವಾಪಸ್ ಕಳಿಸೋಕೆ ಆಟೋ ಬಾಡಿಗೆ ಏಳ್ನೂರು ಚಿಲ್ರೆ ನನ್ ಜೇಬಿಂದ. ಆ 50 ಗಂಟೆನೂ ಕೇಸ್ ಚಾರ್ಜ್ ಸೇರಿಸಿದ ಲೆಕ್ಕ, ಬರೀ ಬಡ್ಸ್ ಕಾಲ್‌ನಲ್ಲಿ ಮೂರು ಗಂಟೆ ಬಂದ್ರೆ ಜಾಸ್ತಿ. ಅರ್ಧ ರೇಟಿಗೆ ಮಾರ್ಬಿಟ್ಟೆ.

ಆಮೇಲೆ ಸ್ನೇಹಿತರ ಹತ್ರ ಇರೋ ಇಯರ್‌ಫೋನ್ ಎಲ್ಲ ಇಸ್ಕೊಂಡು ಬಸ್ ಸ್ಟ್ಯಾಂಡ್ ಎದುರು ನಿಂತು ಮನೆಗೆ ಫೋನ್ ಮಾಡ್ದೆ. ನಾನು ಒಂದ್ ಇಪ್ಪತ್ತು ನಂಬರ್ ಓದೋದು, ಮನೆಯವಳು ಬರ್ಕೊಳ್ಳೋದು. ನಂಬರ್ ಸುಮ್ನೆ ಅಲ್ಲ, ಫಿಫ್ಟಿ ಸಿಕ್ಸ್ಟಿ, ಎಪ್ಪತ್ತು ಎಂಬತ್ತು, ಇಂಥವೇ ಉಲ್ಟಾಪಲ್ಟಾ ಮಾಡಿ, ಪ್ರತಿ ಸಲ ಬೇರೆ ಸಾಲು, ಇಲ್ದಿದ್ರೆ ಊಹೆ ಮಾಡಿ ಬರೀತಾರೆ. ಮುಖ್ಯ ವಿಷ್ಯ, ಮೊದ್ಲು ಬರೀ ಫೋನ್ ಕಿವಿಗಿಟ್ಟು ಓದ್ಬೇಕು, ಅದ್ರಲ್ಲೇ ತಪ್ಪು ಬಂದ್ರೆ ನೆಟ್‌ವರ್ಕ್ ಸರಿಯಿಲ್ಲ, ಇಯರ್‌ಫೋನ್ ಬೈದು ಪ್ರಯೋಜನ ಇಲ್ಲ. ಬಡ್ಸ್‌ಗಳಲ್ಲಿ ಐದಾರು ತಪ್ಪು ಬರೋದು, ಮೈಕ್ ಕಾಲರ್ ಹತ್ರ ಕೂರೋ ನೆಕ್‌ಬ್ಯಾಂಡಲ್ಲಿ ಒಂದೋ ಎರಡೋ. ಫ, ಸ ವ್ಯತ್ಯಾಸ ಎಲ್ಲ ದನಿಯ ಮೇಲಿನ ಫ್ರೀಕ್ವೆನ್ಸಿಲಿರುತ್ತೆ, ದನಿನ ಕುಗ್ಗಿಸಿ ಕಳಿಸೋ ಹಳೇ ಬ್ಲೂಟೂತ್ ಕಾಲ್ ಕೋಡೆಕ್ ಅದನ್ನ 4 ಕಿಲೋಹರ್ಟ್ಜ್ ಒಳಗೇ ನಿಲ್ಲಿಸ್ಬಿಡುತ್ತೆ, ಅದಕ್ಕೇ ಕೆಲವು ಇಯರ್‌ಫೋನ್ ಮನೆಯೊಳಗೆ ಮಾತಾಡಿದ್ರೂ ಫೇಲ್ ಆಗೋದು. ಬೈಕ್ ಓಡ್ತಿರುವಾಗ ಮಾತ್ರ ಯಾವ್ದೂ ಆಗಲ್ಲ, ಗಾಳಿ ನೇರ ಮೈಕಿಗೆ ನುಗ್ಗುತ್ತೆ, ಗಾಡಿ ಸೈಡಿಗೆ ಹಾಕ್ಲೇಬೇಕು.

ಡ್ರೈವರ್ ಬಗ್ಗೆನೂ ಒಂದ್ ನೋಡ್ದೆ. 13 ಎಂಎಂದಕ್ಕೆ ಸಣ್ಣ ರಬ್ಬರ್ ಟಿಪ್, 10 ಎಂಎಂದಕ್ಕೆ ಕಿವಿಗೆ ಸರಿಯಾಗಿ ಕೂರೋ ಟಿಪ್ ಹಾಕಿ ಒಂದೇ ಹಾಡು ಕೇಳಿದ್ರೆ 10 ಎಂಎಂದ್ರಲ್ಲೇ ಬೇಸ್ ಜಾಸ್ತಿ, ಯಾಕಂದ್ರೆ ಸಂದಿ ಇದ್ರೆ ಬೇಸೇ ಮೊದ್ಲು ಸೋರಿ ಹೋಗೋದು.

ಕೊನೆಗೆ ನೆಕ್‌ಬ್ಯಾಂಡ್ 1300ರ ಆಸುಪಾಸು, ಬೇರೆ ಟಿಪ್ ಸೆಟ್ 150, ಬಜೆಟ್ ಒಳಗೇ ಮುಗೀತು. ಡಬ್ಬಿ ಮೇಲೆ 30 ಗಂಟೆ, ನಂಗೆ ಕಾಲ್‌ನಲ್ಲಿ ಹದಿನೈದು ಹದಿನಾರು ಬರ್ತಿದೆ, ಮೂರು ದಿನಕ್ಕೊಂದ್ ಚಾರ್ಜ್. ಮೈಕ್ ಇರೋ ಕಡೆ ಅಂಗಿಗೆ ಉಜ್ಜಿದ್ರೆ ಆ ಕಡೆಯವ್ರಿಗೆ ಪರಪರ ಸದ್ದು ಕೇಳುತ್ತೆ, ಅದಕ್ಕೆ ನಾನೊಂದು ಉಪಾಯ ಮಾಡ್ಕೊಂಡಿದೀನಿ, ಅದು ಸದ್ಯ ನನ್ ಹತ್ರನೇ ಇರ್ಲಿ, ಮಳೆಗಾಲದಲ್ಲಿ ಜರ್ಕಿನ್ ಮೇಲೂ ನಡೆಯುತ್ತಾ ನೋಡಿ ಹೇಳ್ತೀನಿ.